ಬಾರದವಳ ಅರವತ್ಮೂರು ಹಾಜರಿ

ಸಂಬಳದ ಚೀಟಿ ಕೈಗೆ ಬಂದಾಗ ಕತ್ತರಿಯಕ್ಕ ಮೊದಲು ನೋಡುತ್ತಿದ್ದುದು ಕೆಳಗಿನ ಮೊತ್ತವನ್ನಲ್ಲ, ನಡುವಿನ ಒಂದು ಸಾಲನ್ನು. 'ಕಾರ್ಮಿಕ ಆರೋಗ್ಯ ಕಲ್ಯಾಣ' ಎಂದು ಅದಕ್ಕೆ ಹೆಸರು. ಕಲ್ಯಾಣ ಯಾರದ್ದೋ, ಕಳೆಯುತ್ತಿದ್ದುದು ಮಾತ್ರ ಇವಳ ಸಂಬಳದಲ್ಲಿ. ತಿಂಗಳಿಗೆ ಸಾವಿರದ ಎಂಟುನೂರು.

ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅವಳು ಬಟ್ಟೆ ಕತ್ತರಿಸುವವಳು. ನಲವತ್ತು ಪದರ ಬಟ್ಟೆಯನ್ನು ಒಂದೇ ಸಲಕ್ಕೆ ಕೊಯ್ಯುವ ಯಂತ್ರವನ್ನು ಹನ್ನೊಂದು ವರ್ಷ ತಳ್ಳಿ ತಳ್ಳಿ ಬಲಭುಜ ಹಿಡಿದುಕೊಂಡಿತ್ತು. ತಲೆ ಬಾಚಲೂ ಕೈ ಮೇಲೇಳದ ಸ್ಥಿತಿ. ಕಾರ್ಖಾನೆಯ ವೈದ್ಯರು ನೋಡಿ, "ವ್ಯಾಯಾಮ ಮಾಡಿ ಭುಜ ಸರಿ ಮಾಡ್ಕೊಂಡ್ರೆ ಕತ್ತರಿ ಮೇಜು, ಇಲ್ಲಾಂದ್ರೆ ದಾರ ಕೀಳೋ ಕೆಲಸ" ಎಂದಿದ್ದರು. ದಾರ ಕೀಳುವವರಿಗೆ ಅರ್ಧ ಸಂಬಳ. ಭುಜ ಕೆಡಿಸಿದ್ದು ಕಾರ್ಖಾನೆ, ರಿಪೇರಿಯ ಖರ್ಚು ಭುಜ ಹೊತ್ತವಳದ್ದು. ಹತ್ತಿರದ ಜಿಮ್ಮಿನೊಂದಿಗೆ ಕಂಪನಿಯ ಒಪ್ಪಂದವಿತ್ತು. ತಿಂಗಳ ಶುಲ್ಕ ಆ ಕಲ್ಯಾಣದ ಹೆಸರಲ್ಲಿ ಸಂಬಳದಲ್ಲೇ ಮುರಿಯುವುದು, ಹೇಳಿಕೊಡುವ ತರಬೇತಿದಾರನಿಗೆ ಮುಂಗಡ ಬೇರೆ. ಅವಳು ಕಿವಿಯ ಓಲೆ ಮಾರಿ ಆ ಮುಂಗಡ ಕಟ್ಟಿದ್ದಳು.

ಭುಜ ಇನ್ನೇನು ದಾರಿಗೆ ಬರುತ್ತಿದೆ ಎನ್ನುವಾಗ ಕಾರ್ಖಾನೆಯೇ ಊರು ಬಿಟ್ಟಿತು. ಬೇರೆ ನಗರದಲ್ಲಿ ಜಾಗ ಅಗ್ಗ ಸಿಕ್ಕಿತಂತೆ. ಬರುವವರು ಬನ್ನಿ, ಬಾರದವರು ರಾಜೀನಾಮೆ ಬರೆಯಿರಿ ಎಂದು ನೋಟೀಸು ಅಂಟಿಸಿದರು. ಕತ್ತರಿಯಕ್ಕ ಹದಿಮೂರರ ಮಗಳನ್ನೂ ಎರಡು ಟ್ರಂಕನ್ನೂ ಕಟ್ಟಿಕೊಂಡು ಬಂದಳು. ಹೊರಡುವ ಹಿಂದಿನ ದಿನ ಜಿಮ್ಮಿನ ಕೌಂಟರಿಗೆ ಹೋಗಿ, ನಾನಿನ್ನು ಬರುವುದಿಲ್ಲ, ನನ್ನ ಹೆಸರು ತೆಗೆಯಿರಿ ಎಂದಿದ್ದಳು. ಕೌಂಟರಿನ ಹುಡುಗಿ ಕಂಪ್ಯೂಟರಿನಿಂದ ಕಣ್ಣೆತ್ತದೆ "ಆಯ್ತು ಮೇಡಂ" ಎಂದಿದ್ದಳು. ಆ ಆಯ್ತು ಎಲ್ಲಿಗೆ ಹೋಯಿತೋ. ಹೊಸ ಊರಿನ ಎರಡು ಸಂಬಳದಲ್ಲೂ ಕಲ್ಯಾಣದ ಸಾಲು ಕಲ್ಲಿನ ಹಾಗೆ ಕೂತಿತ್ತು.

ಹಣ ಬೇಕಾಗಿದ್ದುದು ಈ ತಿಂಗಳೇ. ಬಾಡಿಗೆ ಕೋಣೆಯ ಅಡ್ವಾನ್ಸಿನಲ್ಲಿ ಹದಿನಾಲ್ಕು ಸಾವಿರ ಬಾಕಿಯಿತ್ತು. ಮನೆಯೊಡತಿ ಮೆಟ್ಟಿಲ ಮೇಲೆ ಕೂತು ಉಗುರು ಕತ್ತರಿಸುತ್ತಾ ಹೇಳಿದ್ದಳು: "ನೋಡಮ್ಮ, ನೀನು ಒಳ್ಳೆಯವಳು, ಒಪ್ತೀನಿ. ಒಳ್ಳೆತನ ತಗೊಂಡು ನಾನು ನೀರಿನ ಬಿಲ್ಲು ಕಟ್ಟಕ್ಕಾಗುತ್ತಾ? ತಿಂಗಳ ಕೊನೆಗೆ ಬಾಕಿ ಕೊಡು, ಇಲ್ಲ ಕೋಣೆ ಕೊಡು." ಕೋಣೆ ಹೋದರೆ ಉಳಿದದ್ದು ಕಾರ್ಖಾನೆಯ ಹೆಂಗಸರ ಹಾಸ್ಟೆಲ್ಲು. ಅಲ್ಲಿ ಮಂಚಕ್ಕೆ ಬಾಡಿಗೆಯಿಲ್ಲ, ಆದರೆ ಮಕ್ಕಳಿಗೆ ಪ್ರವೇಶವೂ ಇಲ್ಲ. ಮಗಳನ್ನು ದೊಡ್ಡಮ್ಮನ ಮನೆಗೆ ಕಳಿಸಬೇಕು. ದೊಡ್ಡಮ್ಮನಿಗೆ ತನ್ನವೇ ನಾಲ್ಕು ಮಕ್ಕಳು, ಹಾಸಿಗೆ ಹಿಡಿದ ಗಂಡ. ಕೆಲಸಕ್ಕೆ ಒಂದು ಜೊತೆ ಕೈ ಸಿಕ್ಕರೆ ಬೇಡವೆನ್ನುವವಳಲ್ಲ. ಅಲ್ಲಿಗೆ ಹೋದ ಮಗಳು ಮತ್ತೆ ಶಾಲೆಯ ಚೀಲ ಹೊರುತ್ತಾಳೆಂಬ ನಂಬಿಕೆ ಕತ್ತರಿಯಕ್ಕನಿಗಿರಲಿಲ್ಲ.

ಸಂಬಳದ ಕಿಟಕಿಯ ಗುಮಾಸ್ತನ ಬಳಿ ಹೋದಳು. ಅವನು ಕೆಟ್ಟವನಲ್ಲ, ಆದರೆ ಕಿಟಕಿಯ ಆಚೆ ಕೂತವನು.

"ನಾನು ಇಲ್ಲಿ ದಿನಾ ಬೆರಳು ಒತ್ತಿ ಒಳಗೆ ಬರ್ತಿದೀನಿ. ಮುನ್ನೂರು ಮೈಲಿ ಆಚೆ ಜಿಮ್ಮಿಗೆ ದುಡ್ಡು ಯಾಕೆ ಮುರೀತೀರಿ?"

"ನಾನು ಮುರಿಯಲ್ಲ ಅಕ್ಕ, ಪಟ್ಟಿ ಮುರಿಯುತ್ತೆ. ಜಿಮ್ಮಿನವರು ಪ್ರತಿ ತಿಂಗಳು ಇಪ್ಪತ್ತನೇ ತಾರೀಖಿಗೆ ಪಟ್ಟಿ ಕಳಿಸ್ತಾರೆ. ಅದರಲ್ಲಿ ಹೆಸರಿದ್ರೆ ಕಟ್. ಅವರು ರದ್ದು ಅಂತ ಬರೆದು ಕಳಿಸಿದ್ರೆ ಬಿಡ್ತೀನಿ."

"ನನ್ನ ಸಂಬಳ, ನಾನು ಬೇಡ ಅಂದ್ರೆ ಸಾಕಾಗಲ್ವಾ?"

"ಸೇರೋವಾಗ ಒಪ್ಪಿಗೆ ಪತ್ರಕ್ಕೆ ಸೈನ್ ಹಾಕಿದೀರಲ್ಲ. ಹಾಕೋವಾಗ ಒಂದು ಕೈ ಸಾಕು, ತೆಗೆಯೋಕೆ ಎರಡು ಕಡೆಯವರೂ ಬೇಕು." ಅವನು ಆಚೀಚೆ ನೋಡಿ ದನಿ ತಗ್ಗಿಸಿದ. "ಬಾಯಲ್ಲಿ ಹೇಳಿದ್ದು ನಡೆಯಲ್ಲ. ಪತ್ರ ಬರೀರಿ. ಊರು ಬಿಟ್ಟವರಿಗೆ ಉಳಿದ ದುಡ್ಡು ವಾಪಸ್ ಅಂತ ಅವರ ನಿಯಮದಲ್ಲೇ ಇದೆ. ಹೊಸ ವಿಳಾಸಕ್ಕೆ ದಾಖಲೆ ಇಡಿ, ವರ್ಗಾವಣೆ ಪತ್ರ ನಾನು ಕೊಡ್ತೀನಿ. ರಿಜಿಸ್ಟರ್ ಅಂಚೆಯಲ್ಲಿ ಹಾಕಿ."

ಮಗಳ ಅಕ್ಷರ ದುಂಡಗಿತ್ತು. ಭಾನುವಾರ ಒಲೆಯ ಪಕ್ಕ ಕೂತು ತಾಯಿ ಹೇಳಿದಳು, ಮಗಳು ಬರೆದಳು.

'ಮಾನ್ಯರೇ, ನಾನು ನಿಮ್ಮ ಜಿಮ್ಮಿನ ಸದಸ್ಯೆ. ಕಾರ್ಖಾನೆಯ ಸ್ಥಳಾಂತರದಿಂದ ಹನ್ನೊಂದು ವಾರದ ಹಿಂದೆ ಬೇರೆ ನಗರಕ್ಕೆ ಬಂದಿದ್ದೇನೆ. ವರ್ಗಾವಣೆ ಪತ್ರ ಮತ್ತು ಬಾಡಿಗೆ ಕರಾರು ಲಗತ್ತಿಸಿದ್ದೇನೆ. ಹೊರಡುವ ಮುಂಚೆಯೇ ನಿಮ್ಮ ಕೌಂಟರಿನಲ್ಲಿ ತಿಳಿಸಿದ್ದೆ. ಆ ಮೇಲೆ ನಿಮ್ಮ ಹೊಸ್ತಿಲು ತುಳಿದಿಲ್ಲ. ಆದ್ದರಿಂದ ನನ್ನ ಸದಸ್ಯತ್ವ ರದ್ದು ಮಾಡಿ, ಸಂಬಳದಿಂದ ಶುಲ್ಕ ಮುರಿಯುವುದನ್ನು ನಿಲ್ಲಿಸಬೇಕು. ಊರು ಬಿಟ್ಟ ಮೇಲೆ ಮುರಿದ ಎರಡು ತಿಂಗಳ ಮೂರು ಸಾವಿರದ ಆರುನೂರನ್ನೂ ತರಬೇತಿಯ ಮುಂಗಡದಲ್ಲಿ ಉಳಿದ ಹತ್ತು ಸಾವಿರದ ನಾನೂರನ್ನೂ ಹಿಂತಿರುಗಿಸಬೇಕು.'

"ದಯವಿಟ್ಟು ಅಂತ ಹಾಕ್ಲಾ ಅಮ್ಮ?"

"ಒಂದು ಸಲ ಹಾಕು. ಭಿಕ್ಷೆ ಅಲ್ಲ ಇದು."

ಮಗಳು ಎರಡು ಸಲ ಹಾಕಿದಳು.

ಉತ್ತರ ಹದಿನೇಳನೇ ತಾರೀಖಿಗೆ ಬಂತು. ಅರ್ಧ ಪುಟದ ಪತ್ರ, ಅದಕ್ಕೆ ಪಿನ್ನು ಹೊಡೆದ ಮೂರು ಪುಟದ ಪಟ್ಟಿ. 'ತಾವು ಊರು ಬಿಟ್ಟಿರುವುದಾಗಿ ಹೇಳುವ ದಿನದ ನಂತರವೂ ತಮ್ಮ ಕಾರ್ಡಿನಿಂದ ಅರವತ್ಮೂರು ಬಾರಿ ಜಿಮ್ ಪ್ರವೇಶಿಸಿರುವುದು ದಾಖಲಾಗಿದೆ. ಆದ್ದರಿಂದ ರದ್ದತಿಯ ಹಾಗೂ ಮರುಪಾವತಿಯ ಕೋರಿಕೆಯನ್ನು ಒಪ್ಪಲಾಗುವುದಿಲ್ಲ.'

ಮಗಳು ನಕ್ಕುಬಿಟ್ಟಳು. "ನೀನು ರೆಕ್ಕೆ ಕಟ್ಕೊಂಡು ಹೋಗಿ ಬರ್ತಿದೀಯೇನೋ." ಆಮೇಲೆ ಪಟ್ಟಿಯ ಮೇಲೆ ಬೆರಳಾಡಿಸುತ್ತಾ ಹುಬ್ಬು ಗಂಟಿಕ್ಕಿದಳು. "ಅಮ್ಮ, ಜಿಮ್ಮು ತೆಗೀತಿದ್ದಿದ್ದು ಐದೂವರೆಗಲ್ವಾ? ಇದೆಲ್ಲ ನಾಲ್ಕು ಐವತ್ತು. ನಾಲ್ಕು ನಲವತ್ತೆಂಟು. ನಾಲ್ಕು ಐವತ್ತೊಂದು. ದಿನಾ. ಭಾನುವಾರ ಮಾತ್ರ ಇಲ್ಲ."

ಕತ್ತರಿಯಕ್ಕ ಗೋಡೆಗೆ ಒರಗಿ ಕೂತುಬಿಟ್ಟಳು. ಅವಳಿಗೆ ಅರ್ಥವಾಗಿತ್ತು.

ಜಿಮ್ಮಿನ ನೆಲ ಒರೆಸುವವಳನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಗಟ್ಟಿಯಾಗಿ ಊದಿದರೆ ಹಾರಿಹೋಗುವ ಮೈ. ಕೆಲಸದ ಪಾಳಿಗೆ ಮುಂಚೆ, ಐದೂವರೆಗೆ, ಇವಳು ಹೋದಾಗ ಗುಬ್ಬಿ ಬಕೀಟು ಬದಿಗಿಟ್ಟು ಬಂದು, ತೂಕದ ಹಗ್ಗ ಎಳೆಯುವಾಗ ಇವಳ ಮೊಣಕೈ ಹಿಡಿದು ನಿಲ್ಲುತ್ತಿದ್ದಳು. ಮುಂಗಡ ನುಂಗಿದ ತರಬೇತಿದಾರ ಫೋನು ನೋಡುತ್ತಿದ್ದ. ಭುಜ ಸರಿ ಮಾಡಿದವಳು ಗುಬ್ಬಿ. ಮೊದಲು ರಾತ್ರಿ ಕಾವಲುಗಾರನೊಬ್ಬ ಬಾಗಿಲು ತೆಗೆಯುತ್ತಿದ್ದ. ಅವನನ್ನು ತೆಗೆದುಹಾಕಿ ಕಾರ್ಡಿನ ಯಂತ್ರ ಕೂರಿಸಿದರು. ಯಂತ್ರಕ್ಕೆ ಸದಸ್ಯರು ಗೊತ್ತು, ಸಿಬ್ಬಂದಿ ಗೊತ್ತು. ಗುತ್ತಿಗೆದಾರನ ಕಡೆಯ ಕೆಲಸದವಳು ಗೊತ್ತಿಲ್ಲ. ಕೀಲಿ ತರುವ ಕೌಂಟರಿನವರು ಬರುವುದು ಐದೂಕಾಲಿಗೆ. ಐದೂವರೆಗೆ ನೆಲ ಒಣಗಿರಬೇಕು, ಒಣಗದಿದ್ದರೆ ಅರ್ಧ ದಿನದ ಕೂಲಿ ಕಡಿತ. ಕಾಲು ಗಂಟೆಯಲ್ಲಿ ಎರಡು ಅಂತಸ್ತು ಒರೆಸುವುದು ಹೇಗೆಂದು ಗುಬ್ಬಿ ಕೇಳಿದ್ದಕ್ಕೆ, ಕಾರ್ಡು ಕೊಡೋಣ, ನೋಡೋಣ ಎಂದು ಒಂದು ವರ್ಷದಿಂದ ನೋಡುತ್ತಲೇ ಇದ್ದರು, ಕೂಲಿ ಕಡಿಯುತ್ತಲೇ ಇದ್ದರು.

ಹೊರಡುವ ದಿನ ಕತ್ತರಿಯಕ್ಕ ತನ್ನ ಕಾರ್ಡನ್ನು ಗುಬ್ಬಿಯ ಕೈಗಿಟ್ಟಿದ್ದಳು. "ನನಗಂತೂ ಇದು ಬೇಡ. ಇದು ಕೆಲಸ ನಿಲ್ಲಿಸೋವರೆಗೂ ಬಾಗಿಲು ತೆಗೆದ್ರೆ ತೆಗೀಲಿ." ಬಾಗಿಲು ತೆಗೆಯುವ ಕಾರ್ಡು ಎಂದಷ್ಟೇ ಅವಳಿಗೆ ಗೊತ್ತಿತ್ತು. ತೆಗೆದಾಗಲೆಲ್ಲ ಅದು ತನ್ನ ಹೆಸರು ಬರೆದುಕೊಳ್ಳುತ್ತದೆಂದು ಗೊತ್ತಿರಲಿಲ್ಲ.

ಮಾರನೇ ದಿನ ಊಟದ ವಿರಾಮದಲ್ಲಿ ಕಾರ್ಖಾನೆಯ ಗೋಡೌನಿನ ಹಿಂದೆ ನಿಂತು ಜಿಮ್ಮಿಗೆ ಫೋನು ಮಾಡಿದಳು. ಮ್ಯಾನೇಜರೇ ಸಿಕ್ಕ. ದನಿಯಲ್ಲಿ ಜೇನು ಸುರಿಯುತ್ತಿತ್ತು.

"ಮೇಡಂ, ದಾಖಲೆ ಸುಳ್ಳು ಹೇಳಲ್ಲ ಅಲ್ವಾ?"

"ನನ್ನ ಕಾರ್ಖಾನೆ ದಾಖಲೆನೂ ಸುಳ್ಳು ಹೇಳಲ್ಲ ಸಾರ್. ಅದೇ ದಿನಗಳಲ್ಲಿ ಬೆಳಿಗ್ಗೆ ಆರೂವರೆಗೆ ನಾನು ಇಲ್ಲಿ ಬೆರಳು ಒತ್ತಿದೀನಿ. ಮುನ್ನೂರು ಮೈಲಿ ಒಂದೂವರೆ ಗಂಟೆಯಲ್ಲಿ ಓಡಿ ಬರೋ ಹಾಗಿದ್ರೆ ನಿಮ್ಮ ಜಿಮ್ಮು ಯಾಕೆ ಬೇಕಿತ್ತು ನನಗೆ."

ಮ್ಯಾನೇಜರ್ ನಕ್ಕ. "ಸರಿ, ನೀವು ಬಂದಿಲ್ಲ ಅಂತ ಇಟ್ಕೊಳ್ಳೋಣ. ಹಾಗಾದ್ರೆ ಕಾರ್ಡು ಬೇರೆಯವರಿಗೆ ಕೊಟ್ಟಿದೀರಿ. ಒಂಬತ್ತನೇ ನಿಯಮ ಓದಿ. ಕಾರ್ಡು ಬೇರೆಯವರಿಗೆ ಕೊಟ್ರೆ ಸದಸ್ಯತ್ವ ತಕ್ಷಣ ರದ್ದು, ಕಟ್ಟಿದ ಹಣ ಮುಟ್ಟುಗೋಲು. ಒಂದು ಪೈಸೆ ವಾಪಸ್ಸಿಲ್ಲ."

ಬಂದಿದ್ದೆ ಎಂದರೆ ಕಟ್ಟುತ್ತಲೇ ಇರಬೇಕು. ಬಂದಿಲ್ಲ ಎಂದರೆ ಕಟ್ಟಿದ್ದೂ ಹೋಯಿತು. ಬಟ್ಟೆಯನ್ನು ಎತ್ತ ಮಡಿಸಿದರೂ ಕತ್ತರಿ ತನ್ನ ಬೆರಳಿಗೇ ಬೀಳುವ ಹಾಗೆ ಮೇಜು ಹಾಕಿದ್ದರು.

"ಗಾಬರಿಯಾಗಬೇಡಿ," ಎಂದ ಮ್ಯಾನೇಜರ್. "ಇನ್ನೊಂದು ದಾರಿ ಇದೆ. ಕಾರ್ಡು ಕಳುವಾಗಿತ್ತು ಅಂತ ಬರೆದುಕೊಡಿ. ಯಾರು ಕದ್ದಿರಬಹುದು ಅಂತ ಹೆಸರು ಹಾಕಿ. ಆಗ ತಪ್ಪು ನಿಮ್ಮದಲ್ಲ. ನಾಳೆ ಪಟ್ಟಿಯಿಂದ ತೆಗೀತೀನಿ, ವಾರದಲ್ಲಿ ಹದಿನಾಲ್ಕು ಸಾವಿರ ನಿಮ್ಮ ಖಾತೆಗೆ. ನಮಗೂ ಕಳ್ಳ ಸಿಕ್ಕಹಾಗಾಯ್ತು. ದಿನಾ ಬೆಳಗಿನ ಜಾವ ನನ್ನ ಜಿಮ್ಮೊಳಗೆ ಬರ್ತಿರೋನು ಯಾರು ಅಂತ ನನಗೂ ಗೊತ್ತಾಗಬೇಕಲ್ಲ."

ಕತ್ತರಿಯಕ್ಕ ಫೋನು ಕಿವಿಯಿಂದ ಸ್ವಲ್ಪ ದೂರ ಹಿಡಿದಳು. ಅವನು ನಾಟಕವಾಡುತ್ತಿರಲಿಲ್ಲ. ನಿಜವಾಗಿಯೂ ಅವನಿಗೆ ತಿಳಿದಿರಲಿಲ್ಲ. ಅರವತ್ಮೂರು ದಿನ ಐದೂವರೆಯ ಹೊತ್ತಿಗೆ ನೆಲ ಹೊಳೆಯುತ್ತಿತ್ತು, ಕನ್ನಡಿಗಳಲ್ಲಿ ಬೆವರಿನ ಕಲೆಯಿರಲಿಲ್ಲ, ಶೌಚಾಲಯ ನಾರುತ್ತಿರಲಿಲ್ಲ. ಇದೆಲ್ಲ ಯಾರಿಂದ, ಎಷ್ಟು ಹೊತ್ತಿಗೆ ಆಗುತ್ತಿದೆಯೆಂದು ಅವನು ಒಂದು ದಿನವೂ ಕೇಳಿಕೊಂಡಿರಲಿಲ್ಲ. ನಾಲ್ಕು ಐವತ್ತಕ್ಕೆ ಬರುವವಳು ಅವನ ಲೆಕ್ಕದಲ್ಲಿ ಮನುಷ್ಯಳೇ ಆಗಿರಲಿಲ್ಲ. ಕಳ್ಳ ಎಂದಾದರೆ ಮಾತ್ರ ಅವನ ಕಣ್ಣಲ್ಲಿ ಅವಳಿಗೊಂದು ಮುಖ ಸಿಗುವುದಿತ್ತು.

"ಇಪ್ಪತ್ತಕ್ಕೆ ಪಟ್ಟಿ ಹೋಗುತ್ತೆ ಮೇಡಂ. ಯೋಚನೆ ಮಾಡಿ," ಎಂದು ಫೋನಿಟ್ಟ.

ಅವತ್ತು ಸಂಜೆ ಗುಬ್ಬಿಗೆ ಫೋನು ಮಾಡಿದಳು. ಮಗಳು ಪಕ್ಕದಲ್ಲೇ ಕೂತಿದ್ದಳು. ವಿಷಯವೆಲ್ಲ ಹೇಳಿದಳು.

"ನಾನು ಕದ್ದಿಲ್ವಲ್ಲ ಅಕ್ಕ," ಎಂದಳು ಗುಬ್ಬಿ. "ನೀವೇ ಕೊಟ್ಟಿದ್ದು."

"ನಾನೇ ಕೊಟ್ಟಿದ್ದು."

"ಹೆಸರು ಬರೆದ್ರೆ ಗುತ್ತಿಗೆದಾರ ಬಿಡಲ್ಲ. ಈ ಕೆಲಸ ಅಲ್ಲ, ಅವನ ಹತ್ರ ಇರೋ ಹದಿನಾಲ್ಕು ಕಟ್ಟಡದಲ್ಲೂ ನನಗೆ ಬಕೀಟು ಮುಟ್ಟಕ್ಕೆ ಬಿಡಲ್ಲ. ಕಳ್ಳಿ ಅಂದ್ರೆ ಯಾರ ಮನೆಯೊಳಗೂ ಬಿಟ್ಕೊಳ್ಳಲ್ಲ. ನಿಮಗೆ ದುಡ್ಡಿನ ಕಷ್ಟ ಅಂತ ಗೊತ್ತು. ಬರೀಬೇಡಿ ಅಂತ ಹೇಗೆ ಹೇಳ್ಲಿ. ಬರೀರಿ ಅಂತಲೂ ನನ್ನ ಬಾಯಿಂದ ಬರಲ್ಲ."

"ನಾಳೆಯಿಂದ ಕಾರ್ಡು ಉಪಯೋಗಿಸ್ಬೇಡ."

"ಮತ್ತೆ ನೆಲ?" ಎಂದಳು ಗುಬ್ಬಿ. ಆಮೇಲೆ ತಾನೇ, "ನೋಡ್ಕೋತೀನಿ ಬಿಡಿ," ಎಂದು ಇಟ್ಟುಬಿಟ್ಟಳು.

ಮಗಳು ಕಾದು ಕೂತಿದ್ದಳು. "ಬರಿ ಅಮ್ಮ. ಕಳ್ಳತನ ಅಂತ ಬೇಡ. ಅವರ ಹತ್ರ ಇತ್ತು ಅಂತ ಬರಿ. ನಿಜ ತಾನೆ ಅದು?"

"ನಿಜ."

"ಮತ್ತೆ? ಅವರಿಗೆ ಬೇರೆ ಕೆಲಸ ಸಿಗಬಹುದು. ನನಗೆ ಬೇರೆ ಅಮ್ಮ ಸಿಗ್ತಾಳಾ?" ಮಗಳು ತಾಯಿಯ ಕಡೆಗೆ ಹಾಳೆ ತಳ್ಳಿದಳು. "ದೊಡ್ಡಮ್ಮನ ಮನೆಗೆ ಹೋದ್ರೆ ನನ್ನನ್ನ ಶಾಲೆಗೆ ಕಳಿಸಲ್ಲ ಅಂತ ನಿನಗೂ ಗೊತ್ತು. ಆ ಗುಬ್ಬಿ ನಿನಗೆ ಏನಾಗಬೇಕು?"

ಏನೂ ಆಗಬೇಕಿಲ್ಲ. ರಕ್ತವಲ್ಲ, ನಂಟಲ್ಲ. ಬೆಳಗಿನ ಜಾವ ಮೊಣಕೈ ಹಿಡಿದು, "ಇನ್ನೊಂದು ಚೂರು ಅಕ್ಕ, ಇನ್ನೊಂದೇ ಚೂರು" ಎಂದವಳು. ಆದರೆ ಕತ್ತರಿಯಕ್ಕನ ಎದೆಯಲ್ಲಿ ಉರಿಯುತ್ತಿದ್ದುದು ಋಣದ ಮಾತಲ್ಲ. ಭುಜ ಕೆಡಿಸಿದ ಕಾರ್ಖಾನೆಯ ಹೆಸರನ್ನು ಯಾರೂ ಕೇಳಲಿಲ್ಲ. ಕೇಳಿಸಿಕೊಂಡು ಹೆಸರು ತೆಗೆಯದ ಜಿಮ್ಮಿಗೆ ಯಾರೂ ದಂಡ ಹಾಕಲಿಲ್ಲ. ತಪ್ಪು ಯಾರದೆಂದು ಬರೆಯುವ ಜಾಗ ಇಡೀ ಕಾಗದದಲ್ಲಿ ಒಂದೇ ಕಡೆ ಖಾಲಿ ಬಿಟ್ಟಿದ್ದರು, ಅದರಲ್ಲಿ ಹಿಡಿಸುವುದು ಒರೆಸುವವಳ ಹೆಸರು ಮಾತ್ರ. ಆ ಹೆಸರು ತುಂಬಲು ಕತ್ತರಿಸುವವಳ ಕೈ ಬೇಕಿತ್ತು.

ಇದನ್ನೆಲ್ಲ ಹದಿಮೂರರ ಹುಡುಗಿಗೆ ಹೇಳುವುದು ಹೇಗೆ. ಹೇಳಲು ಹೋಗಿ ಅವಳು ಅಂದದ್ದು ಇಷ್ಟೇ: "ಪುಟ್ಟಿ, ನಿನ್ನ ಶಾಲೆ ಫೀಸು ಅವಳ ಕೂಲಿಯಿಂದ ಕಟ್ಟಿದಂಗಾಗುತ್ತೆ."

"ಆಗ್ಲಿ," ಎಂದಳು ಮಗಳು.

ಕತ್ತರಿಯಕ್ಕನಿಗೆ ಕೋಪ ಬರಲಿಲ್ಲ. ತನ್ನೊಳಗೂ ಯಾರೋ ಅದನ್ನೇ ಹೇಳುತ್ತಿದ್ದರು. ಹಾಳೆ ಎಳೆದುಕೊಂಡಳು. 'ನನ್ನ ಕಾರ್ಡು' ಎಂದು ಬರೆದಳು. ಮುಂದಿನ ಪದ ಬರೆಯಲು ಲೇಖನಿ ಊರಿದವಳು ಎಷ್ಟೋ ಹೊತ್ತು ಹಾಗೇ ಇದ್ದಳು, ಶಾಯಿ ಕಾಳಿನಷ್ಟು ಗಾತ್ರಕ್ಕೆ ಹರಡಿಕೊಂಡಿತು. ಆ ಹಾಳೆ ಹರಿದಳು. ಇನ್ನೊಂದರಲ್ಲಿ ತಲೆಬರಹವಿಲ್ಲದೆ ಒಂದೇ ಬಾರಿಗೆ ಬರೆದು ಮುಗಿಸಿದಳು.

ಹತ್ತೊಂಬತ್ತನೇ ತಾರೀಖು ಬೆಳಿಗ್ಗೆ ಸಂಬಳದ ಕಿಟಕಿಯಲ್ಲಿ ಅದನ್ನು ತೂರಿಸಿದಳು. "ಅಂಚೆಯಲ್ಲಿ ಹೋದ್ರೆ ನಾಳೆ ಮುಟ್ಟಲ್ಲ. ನಿಮ್ಮ ಮೇಲ್‌ನಲ್ಲಿ ಕಳಿಸಿ, ಒಂದು ಪ್ರತಿ ನನ್ನ ಫೈಲಿಗೆ ಹಾಕಿ, ಸೀಲು ಒತ್ತಿ ತಾರೀಖು ಹಾಕ್ಕೊಡಿ."

ಗುಮಾಸ್ತ ಓದಿದ.

'ಮಾನ್ಯರೇ, ಊರು ಬಿಡುವಾಗ ನನ್ನ ಕಾರ್ಡನ್ನು ನಾನೇ, ನನ್ನ ಇಷ್ಟದಿಂದ, ಬೇರೆಯವರಿಗೆ ಕೊಟ್ಟಿದ್ದೇನೆ. ಅದು ಕಳುವಾಗಿಲ್ಲ. ಯಾರಿಗೆ ಎಂದು ಹೇಳುವುದಿಲ್ಲ. ಅರವತ್ಮೂರು ಪ್ರವೇಶಗಳಲ್ಲಿ ನಾನು ಒಂದಕ್ಕೂ ಬಂದಿಲ್ಲ, ನನ್ನ ಕಾರ್ಖಾನೆಯ ಹಾಜರಿ ಲಗತ್ತಿಸಿದೆ. ನಿಮ್ಮ ಒಂಬತ್ತನೇ ನಿಯಮದ ಪ್ರಕಾರ ಕಾರ್ಡು ಬೇರೆಯವರಿಗೆ ಕೊಟ್ಟರೆ ಸದಸ್ಯತ್ವ ತಕ್ಷಣ ರದ್ದು. ನಿಮ್ಮ ನಿಯಮವನ್ನು ನೀವು ಪಾಲಿಸಿ. ಈ ತಿಂಗಳ ಪಟ್ಟಿಯಲ್ಲಿ ನನ್ನ ಹೆಸರು ಬಂದರೆ ನಿಮ್ಮ ನಿಯಮ ಸುಳ್ಳೆಂದು ಕಾರ್ಮಿಕ ಇಲಾಖೆಗೆ ಬರೆಯುತ್ತೇನೆ.'

ಗುಮಾಸ್ತ ಕನ್ನಡಕ ತೆಗೆದು ಒರೆಸಿದ. "ಅಕ್ಕ, ಇದು ಕಳಿಸಿದ್ರೆ ಕಡಿತ ನಿಲ್ಲುತ್ತೆ. ಅವರದ್ದೇ ನಿಯಮ, ನುಂಗಲೇಬೇಕು. ಆದ್ರೆ ಹದಿನಾಲ್ಕು ಸಾವಿರಕ್ಕೆ ನೀವೇ ಎಳ್ಳುನೀರು ಬಿಟ್ಟಹಾಗೆ. ಗೊತ್ತಲ್ವಾ?"

"ಗೊತ್ತು."

"ಯಾರಿಗೋಸ್ಕರ ಇದು?"

"ನಿಮಗೂ ಹೆಸರು ಬೇಕಾ?"

ಅವನು ತಲೆ ತಗ್ಗಿಸಿ ಸೀಲು ಒತ್ತಿದ. ಮಧ್ಯಾಹ್ನದೊಳಗೆ ಜಿಮ್ಮಿನಿಂದ ಎರಡು ಸಾಲಿನ ಉತ್ತರ ಬಂತು. ಸದಸ್ಯತ್ವ ರದ್ದು, ಹಣ ಮುಟ್ಟುಗೋಲು. ಕಾರ್ಡು ಇನ್ನು ಕೆಲಸ ಮಾಡುವುದಿಲ್ಲ ಎಂಬುದನ್ನು ಅದರಲ್ಲಿ ಬರೆಯಬೇಕಾಗಿರಲಿಲ್ಲ. ಬೇಡವೆಂದಿದ್ದರೂ ಬೇರೆ ದಾರಿಯಿಲ್ಲದೆ ನಾಳೆ ನಸುಕಿನಲ್ಲಿ ಮುಚ್ಚಿದ ಬಾಗಿಲ ಮುಂದೆ ಬಕೀಟು ಹಿಡಿದು ನಿಲ್ಲುವವಳಿಗೆ ಅದನ್ನು ಯಾರು ಹೇಳುತ್ತಾರೆ ಎಂದು ಕತ್ತರಿಯಕ್ಕ ಯೋಚಿಸಿದಳು. ತಾನೇ ಹೇಳಬೇಕು. ಫೋನು ಮಾಡಿದಳು, ಗುಬ್ಬಿ ಎತ್ತಲಿಲ್ಲ. ಇಡೀ ವಾರ ಎತ್ತಲಿಲ್ಲ. ಗುಬ್ಬಿ ಉಳಿದಳೋ, ಅರ್ಧ ಕೂಲಿಗೆ ಇಳಿದಳೋ ತಿಳಿಯುವ ದಾರಿಯೂ ಮುಚ್ಚಿತು.

ಮನೆಯೊಡತಿಯ ಬಳಿ ಎರಡು ಬಾರಿ ಹೋದಳು. ಎರಡನೇ ಬಾರಿ ಮೆಟ್ಟಿಲ ಮೇಲೆ ಕೂತು ಕಾಲು ಹಿಡಿಯುವುದೊಂದು ಬಾಕಿ. ಒಡತಿ, "ನನ್ನನ್ನ ಕೆಟ್ಟವಳನ್ನಾಗಿ ಮಾಡ್ಬೇಡಮ್ಮ," ಎಂದು ಒಳಗೆ ಹೋಗಿ ಕದ ಹಾಕಿಕೊಂಡಳು. ಜೊತೆ ಕೆಲಸದವರಲ್ಲಿ ಕೇಳಿದಳು. ಎಲ್ಲರ ಚೀಟಿಯಲ್ಲೂ ಯಾವುದೋ ಒಂದು ಕಲ್ಯಾಣವಿತ್ತು.

ತಿಂಗಳ ಕೊನೆಯ ಭಾನುವಾರ ಹಾಸ್ಟೆಲ್ಲಿನ ವಾರ್ಡನ್ನಳ ಕೋಣೆಯಲ್ಲಿ ತಾಯಿ, ಮಗಳು ಒಂದೇ ಬೆಂಚಿನ ಮೇಲೆ ಕೂತಿದ್ದರು. ಮಗಳನ್ನು ದೊಡ್ಡಮ್ಮನ ಊರಿಗೆ ಒಯ್ಯುವ ಬಸ್ಸಿಗೆ ಇನ್ನೂ ಎರಡು ತಾಸಿತ್ತು. ಮಗಳು ಐದು ದಿನದಿಂದ ಹೂಂ, ಉಹೂಂ ಬಿಟ್ಟರೆ ತಾಯಿಯೊಂದಿಗೆ ಮಾತಾಡಿರಲಿಲ್ಲ. ವಾರ್ಡನ್ ಒಂದು ಅರ್ಜಿ ಮುಂದಿಟ್ಟಳು. ಕತ್ತರಿಯಕ್ಕ ಬರೆಯಲು ಹೋದಳು, ಕೋಣೆಯಲ್ಲಿ ಮಾಡಿಕೊಳ್ಳುತ್ತಿದ್ದ ವ್ಯಾಯಾಮ ವಾರದಿಂದ ನಿಂತು ಭುಜ ಮತ್ತೆ ಹಿಡಿದುಕೊಂಡಿತ್ತು, ಲೇಖನಿ ಗೆರೆಯ ಮೇಲೆ ನಿಲ್ಲಲಿಲ್ಲ.

ಮಗಳು ಅರ್ಜಿಯನ್ನು ತನ್ನ ಕಡೆ ಎಳೆದುಕೊಂಡಳು. ಹೆಸರು ಬರೆದಳು, ವಯಸ್ಸು ಬರೆದಳು, ವಿಭಾಗ: ಕತ್ತರಿ ಮೇಜು. ಕೆಳಗೆ ಒಂದು ಸಾಲಿತ್ತು: 'ನಿಮ್ಮನ್ನೇ ಅವಲಂಬಿಸಿ ಜೊತೆಗಿರುವ ಮಕ್ಕಳು'. ಲೇಖನಿ ಅಲ್ಲಿ ನಿಂತಿತು.

"ಅಲ್ಲಿ ಇಲ್ಲ ಅಂತ ಹಾಕಮ್ಮ," ಎಂದಳು ವಾರ್ಡನ್, ಬೇರೆ ಕಾಗದ ತಿರುವುತ್ತಾ. "ಹಾಕದಿದ್ರೆ ಮಂಚ ಕೊಡಕ್ಕಾಗಲ್ಲ."

ಮಗಳು ತಾಯಿಯ ಮುಖ ನೋಡಿದಳು. ತಾಯಿ ಮಗಳ ಕೈಯಿಂದ ಲೇಖನಿ ತೆಗೆದುಕೊಳ್ಳಲು ಕೈ ಚಾಚಿದಳು, ಆ ಒಂದು ಪದವನ್ನಾದರೂ ತಾನೇ ಬರೆಯಬೇಕೆಂದು. ಭುಜ ಅರ್ಧಕ್ಕೇ ನಿಂತಿತು.

ಮಗಳು ಅವಳ ಮೊಣಕೈಯನ್ನು ಮೆಲ್ಲಗೆ ಹಿಡಿದು ಮೇಜಿನ ಮೇಲಿಟ್ಟಳು. ಆಮೇಲೆ ದುಂಡಗಿನ ಅಕ್ಷರದಲ್ಲಿ ಬರೆದಳು: ಇಲ್ಲ.